ರೂಮೆನ್ ಹುಳಿಯಾದಾಗ: ನಾಲ್ಕು ಕೋಣೆಗಳಲ್ಲಿ ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಕ್ರಮ

ಶರೀರಕ್ರಿಯಾಶಾಸ್ತ್ರದ ಪರೀಕ್ಷೆಗೆ ಓದುವವರು ಹಸುವಿನ ಹೊಟ್ಟೆಯ ನಾಲ್ಕು ಕೋಣೆಗಳಾದ ರೂಮೆನ್, ರೆಟಿಕ್ಯುಲಮ್, ಒಮೇಸಮ್, ಅಬೊಮೇಸಮ್ ಎಂಬ ಹೆಸರುಗಳನ್ನು ಪಟ್ಟಿ ಮಾಡಿಕೊಂಡು, ಒಂದೊಂದರ ಎದುರು ಎರಡೆರಡು ಸಾಲು ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ಆ ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಆದರೆ 'ಅಬೊಮೇಸಮ್‌ನಲ್ಲಿ ಪಿಎಚ್ 2.5 ಇರುವುದು ಸಹಜ, ರೂಮೆನ್‌ನಲ್ಲಿ 4.8 ಆದರೂ ಪ್ರಾಣಾಪಾಯ, ಏಕೆ?' ಎಂದು ಕೇಳಿದರೆ ಆ ಪಟ್ಟಿ ಉತ್ತರ ಕೊಡುವುದಿಲ್ಲ. ಕಾಯಿಲೆ ಬಿದ್ದ ಒಂದು ಹಸುವಿನ ಎದುರು ನಿಂತು, ದೋಷ ಯಾವ ಕೋಣೆಯದು ಎಂದು ಒಂದೊಂದಾಗಿ ಹುಡುಕುತ್ತಾ ಹೋದರೆ ಆ ಉತ್ತರ ತಾನಾಗಿಯೇ ಸಿಗುತ್ತದೆ. ಆದ್ದರಿಂದ ಇಲ್ಲಿ ಒಂದೇ ಒಂದು ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ.

ದೂರು ಮತ್ತು ಮೊದಲ ನೋಟ

ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗೃಹಪ್ರವೇಶದ ಊಟ ಮುಗಿದ ಮರುದಿನ ಬೆಳಿಗ್ಗೆ ಕರೆ ಬಂತು. ಸುಮಾರು 400 ಕಿಲೋ ತೂಕದ, ಎರಡನೆಯ ಸೂಲಿನ ಸೀಮೆಹಸು. ದಿನಕ್ಕೆ 14 ಲೀಟರ್ ಹಾಲು ಕೊಡುತ್ತಿದ್ದದ್ದು ಆ ಬೆಳಿಗ್ಗೆ ಮೂರು ಲೀಟರಿಗೆ ಇಳಿದಿತ್ತು. ಮೇವು ಮುಟ್ಟಿರಲಿಲ್ಲ, ಮೆಲುಕು ಹಾಕಿರಲಿಲ್ಲ. ಹಿಂದಿನ ದಿನ ಏನು ತಿಂದಿತು ಎಂದು ಕೇಳಿದಾಗ ಮನೆಯ ಹೆಂಗಸು ಸಂಕೋಚದಿಂದಲೇ ಹೇಳಿದರು: "ಅನ್ನ ದಂಡ ಆಗ್ಬಾರ್ದು ಅಂತ ಸಾಯಂಕಾಲ ಎರಡು ಬಕೆಟ್ ಹಾಕಿದ್ವಿ ಸಾರ್, ಅದೂ ಆಸೆಯಿಂದ್ಲೇ ತಿಂತು."

ಎರಡು ಬಕೆಟ್ ಎಂದರೆ ಸುಮಾರು 14 ಕಿಲೋ ಅನ್ನ. ಬೇಯಿಸಿದ ಅನ್ನದಲ್ಲಿ ಹೆಚ್ಚಿನ ಪಾಲು ನೀರೇ ಇದ್ದರೂ, ಇಷ್ಟು ಅನ್ನದಿಂದ ಹೆಚ್ಚುಕಡಿಮೆ ನಾಲ್ಕು ಕಿಲೋ ಪಿಷ್ಟ ಒಂದೇ ಹೊತ್ತಿಗೆ ಹೊಟ್ಟೆ ಸೇರಿದಂತಾಯಿತು. ಅದೂ ಬೆಂದ ಪಿಷ್ಟ. ಬೇಯುವಾಗ ಪಿಷ್ಟದ ಕಣಗಳು ನೀರು ಕುಡಿದು ಅರಳಿ, ಅವುಗಳ ಬಿಗಿ ರಚನೆ ಸಡಿಲವಾಗುವುದರಿಂದ ಸೂಕ್ಷ್ಮಜೀವಿಗಳಿಗೆ ಅದನ್ನು ಒಡೆಯುವುದು ಬಹಳ ಸುಲಭ. ದಿನವೂ ಭತ್ತದ ಹುಲ್ಲು, ಕಬ್ಬಿನ ಸೋಗೆ, ಸ್ವಲ್ಪ ಬೂಸಾ ಮತ್ತು ಹಿಂಡಿ ತಿನ್ನುತ್ತಿದ್ದ ಹಸುವಿನ ರೂಮೆನ್‌ನಲ್ಲಿ ನಾರನ್ನು ಒಡೆಯುವ ಜೀವಿಗಳೇ ಮೇಲುಗೈಯಾಗಿದ್ದವು. ಇಷ್ಟು ಪಿಷ್ಟ ಒಮ್ಮೆಲೇ ಬರುವುದಕ್ಕೆ ಅಲ್ಲಿ ಯಾವ ತಯಾರಿಯೂ ಇರಲಿಲ್ಲ.

ಊಟದಿಂದ ಸುಮಾರು 15 ಗಂಟೆಗಳಾಗಿದ್ದಾಗ ನಾವು ಕಂಡದ್ದು ಇಷ್ಟು. ದೇಹದ ಉಷ್ಣತೆ 38.2 ಡಿಗ್ರಿ ಸೆಲ್ಸಿಯಸ್, ಅಂದರೆ ಜ್ವರವಿಲ್ಲ. ಹೃದಯ ಬಡಿತ ನಿಮಿಷಕ್ಕೆ 96. ಶಾಂತವಾಗಿ ನಿಂತ ಹಸುವಿನಲ್ಲಿ ಇದು ಸಾಮಾನ್ಯವಾಗಿ 60ರಿಂದ 80ರ ನಡುವೆ ಇರುತ್ತದೆ. ಕಣ್ಣುಗಳು ಗುಳಿ ಬಿದ್ದಿದ್ದವು, ಕುತ್ತಿಗೆಯ ಚರ್ಮವನ್ನು ಹಿಡಿದೆತ್ತಿ ಬಿಟ್ಟರೆ ನಿಧಾನವಾಗಿ ಇಳಿಯುತ್ತಿತ್ತು. ಸಗಣಿ ತೆಳ್ಳಗೆ, ಬೂದುಹಳದಿ ಬಣ್ಣದಲ್ಲಿ, ಹುಳಿ ವಾಸನೆಯಿಂದ ಕೂಡಿತ್ತು. ಅದರಲ್ಲಿ ಅನ್ನದ ಅಗುಳುಗಳೂ ಕಾಣುತ್ತಿದ್ದವು. ಹಸು ನಿಂತಿತ್ತು, ಆದರೆ ನಡೆಸಿದರೆ ತೂರಾಡುತ್ತಿತ್ತು.

ಕೋಣೆಗಳನ್ನು ಹೊರಗಿನಿಂದ ಹುಡುಕುವುದು

ರೂಮೆನ್ ಹೊಟ್ಟೆಯ ಎಡಭಾಗವನ್ನು ಬಹುಮಟ್ಟಿಗೆ ತುಂಬಿಕೊಂಡಿರುತ್ತದೆ. ಬೆಳೆದ ಹಸುವಿನಲ್ಲಿ ನಾಲ್ಕೂ ಕೋಣೆಗಳ ಒಟ್ಟು ಗಾತ್ರದಲ್ಲಿ ಸುಮಾರು ಶೇಕಡಾ 80 ಭಾಗ ಇದೊಂದೇ ಆಗಿರುವುದರಿಂದ, ಪರೀಕ್ಷೆ ಇಲ್ಲಿಂದ ಶುರುವಾಗಬೇಕು. ಕೊನೆಯ ಪಕ್ಕೆಲುಬಿನ ಹಿಂದೆ, ಬೆನ್ನಿನ ಕೆಳಗೆ ಇರುವ ಎಡ ಪಕ್ಕೆಗುಳಿಯ ಮೇಲೆ ಮುಷ್ಟಿ ಒತ್ತಿ ಹಿಡಿದರೆ, ಆರೋಗ್ಯವಂತ ಹಸುವಿನಲ್ಲಿ ನಿಮಿಷಕ್ಕೆ ಒಂದು ಅಥವಾ ಎರಡು ಸಲ ಒಳಗಿನಿಂದ ಅಲೆಯೊಂದು ಕೈಯನ್ನು ಮೇಲಕ್ಕೆ ತಳ್ಳುತ್ತದೆ. ಈ ಅಲೆಗಳು ಎರಡು ಬಗೆ ಎಂಬುದನ್ನು ನೆನಪಿಡಿ. ಒಂದು ರೆಟಿಕ್ಯುಲಮ್‌ನ ಜೋಡಿ ಸಂಕೋಚನದಿಂದ ಹೊರಟು ಹಿಂದಕ್ಕೆ ಸಾಗುತ್ತಾ ಒಳಗಿನ ಮೇವನ್ನು ಕಲಸುತ್ತದೆ. ಇನ್ನೊಂದು ರೂಮೆನ್‌ನ ಹಿಂಭಾಗದಲ್ಲೇ ಹುಟ್ಟಿ, ಮೇಲೆ ಕೂಡಿದ ಅನಿಲವನ್ನು ಮುಂದಕ್ಕೆ ತಳ್ಳಿ ತೇಗಿನ ರೂಪದಲ್ಲಿ ಹೊರಹಾಕುತ್ತದೆ.

ಈ ಹಸುವಿನಲ್ಲಿ ಐದು ನಿಮಿಷ ಕೈ ಇಟ್ಟರೂ ಒಂದು ಅಲೆಯೂ ಬರಲಿಲ್ಲ. ಪಕ್ಕೆಗುಳಿ ತುಂಬಿಕೊಂಡಿತ್ತು, ಆದರೆ ತಮಟೆಯಂತೆ ಬಿಗಿದಿರಲಿಲ್ಲ. ಅನಿಲದಿಂದ ಹೊಟ್ಟೆ ಉಬ್ಬರಿಸಿದ್ದರೆ ಬೆರಳಿನಿಂದ ತಟ್ಟಿದಾಗ ಡೋಲಿನ ಸದ್ದು ಕೇಳಬೇಕಿತ್ತು. ಅದರ ಬದಲು ಮುಷ್ಟಿಯಿಂದ ಮೆಲ್ಲಗೆ ಗುದ್ದಿದಾಗ ಅರ್ಧ ತುಂಬಿದ ಕೊಡವನ್ನು ಅಲುಗಾಡಿಸಿದಂತೆ ನೀರು ತುಳುಕುವ ಸದ್ದು ಬಂತು. ಹುಲ್ಲು ತಿಂದ ಹಸುವಿನ ರೂಮೆನ್‌ನಲ್ಲಿ ಮೇಲೆ ಅನಿಲ, ನಡುವೆ ತೇಲುವ ನಾರಿನ ದಪ್ಪ ಚಾಪೆ, ಕೆಳಗೆ ದ್ರವ ಎಂಬ ಮೂರು ಪದರಗಳಿರುತ್ತವೆ. ನಡುವಿನ ಆ ಚಾಪೆ ಇರುವವರೆಗೆ ಈ ಬಗೆಯ ತುಳುಕುವ ಸದ್ದು ಕೇಳುವುದಿಲ್ಲ. ಇಲ್ಲಿ ಪದರಗಳು ಅಳಿಸಿಹೋಗಿ ಎಲ್ಲವೂ ನೀರಾಗಿತ್ತು. ಆ ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಹಾಗೆಯೇ ಇಟ್ಟುಕೊಳ್ಳಿ. ಗುಳಿ ಬಿದ್ದ ಕಣ್ಣುಗಳಿಗೂ ಅದಕ್ಕೂ ನೇರ ಸಂಬಂಧವಿದೆ.

ಎರಡನೆಯ ಕೋಣೆಯಾದ ರೆಟಿಕ್ಯುಲಮ್ ನಿಜವಾಗಿ ರೂಮೆನ್‌ನಿಂದ ಬೇರ್ಪಟ್ಟ ಪಾತ್ರೆಯಲ್ಲ. ಇವೆರಡರ ನಡುವೆ ಒಂದು ಮಡಿಕೆ ಮಾತ್ರ ಇದ್ದು, ಒಳಗಿನ ದ್ರವ ಆಚೀಚೆ ಹರಿಯುತ್ತಲೇ ಇರುವುದರಿಂದ ಹುದುಗುವಿಕೆಯ ಮಟ್ಟಿಗೆ ಎರಡೂ ಒಂದೇ ತೊಟ್ಟಿ. ಆದರೆ ಜೇನುಗೂಡಿನಂತಹ ಒಳಮೈಯ ಈ ಕೋಣೆ ವಪೆಗೆ ಅಂಟಿಕೊಂಡಂತೆ, ಹೃದಯದಿಂದ ಕೆಲವೇ ಅಂಗುಲ ಹಿಂದೆ ಇರುವುದರಿಂದ, ನುಂಗಿದ ತಂತಿ ಅಥವಾ ಮೊಳೆ ಇದರ ತಳಕ್ಕೆ ಬಿದ್ದು ಗೋಡೆಯನ್ನು ಚುಚ್ಚುತ್ತದೆ. ಹಾಗಾಗಿದ್ದರೆ ಹಸು ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ನಿಲ್ಲುತ್ತದೆ, ಹೆಗಲ ಮೇಲಿನ ಚರ್ಮವನ್ನು ಹಿಂಡಿದರೆ ಬೆನ್ನು ತಗ್ಗಿಸಲು ಒಪ್ಪದೆ ನರಳುತ್ತದೆ, ಮೊದಲ ದಿನಗಳಲ್ಲಿ ಸಾಮಾನ್ಯವಾಗಿ ಸಣ್ಣ ಜ್ವರವೂ ಇರುತ್ತದೆ. ನಮ್ಮ ಹಸು ಹಿಂಡಿದಾಗ ಸಹಜವಾಗಿಯೇ ಬೆನ್ನು ತಗ್ಗಿಸಿತು. ರೆಟಿಕ್ಯುಲಮ್‌ನ ಗಾಯ ಅಲ್ಲ ಎಂದು ಬಹುಮಟ್ಟಿಗೆ ಹೇಳಬಹುದಿತ್ತು.

ಮೂರನೆಯದಾದ ಒಮೇಸಮ್ ಬಲಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ ಇರುವುದರಿಂದ ಹೊರಗಿನಿಂದ ಅದರ ಬಗ್ಗೆ ತಿಳಿಯುವುದು ಬಹಳ ಕಡಿಮೆ. ನಾಲ್ಕನೆಯದಾದ ಅಬೊಮೇಸಮ್ ಹೊಟ್ಟೆಯ ತಳದಲ್ಲಿ, ಬಲಕ್ಕೆ ಇರಬೇಕಾದದ್ದು. ಕರು ಹಾಕಿದ ನಂತರದ ವಾರಗಳಲ್ಲಿ ಕೆಲವೊಮ್ಮೆ ಅನಿಲ ತುಂಬಿ, ರೂಮೆನ್‌ನ ಅಡಿಯಿಂದ ನುಸುಳಿ ಎಡಪಕ್ಕಕ್ಕೆ ತೇಲಿ ಬರುತ್ತದೆ. ಆಗ ಎಡಗಡೆಯ ಕೊನೆಯ ಪಕ್ಕೆಲುಬುಗಳ ಮೇಲೆ ಸ್ಟೆತೊಸ್ಕೋಪ್ ಇಟ್ಟು ಬೆರಳಿನಿಂದ ಚಿಟಿಕೆ ಹೊಡೆದರೆ, ಹಿತ್ತಾಳೆ ತಂಬಿಗೆಗೆ ತಟ್ಟಿದಂತಹ ಲೋಹದ ನಾದ ಕೇಳುತ್ತದೆ. ಇಲ್ಲಿ ಆ ನಾದ ಇರಲಿಲ್ಲ. ಹಸು ಕರು ಹಾಕಿ ನಾಲ್ಕು ತಿಂಗಳೂ ಕಳೆದಿತ್ತು.

ನಳಿಕೆ, ಪಟ್ಟಿ ಮತ್ತು ಒಂದು ತಪ್ಪು ಓದು

ಅನುಮಾನ ರೂಮೆನ್ ಮೇಲೆ ಬಿದ್ದ ನಂತರ ಅದರ ದ್ರವವನ್ನೇ ನೋಡದೆ ತೀರ್ಮಾನಿಸಬಾರದು. ನನ್ನ ಜೊತೆ ತರಬೇತಿಗೆ ಬಂದಿದ್ದ ವಿದ್ಯಾರ್ಥಿನಿ ಬಾಯಿಯ ಮೂಲಕ ನಳಿಕೆ ಇಳಿಸಿ, ಮೊದಲು ಬಂದ ಒಂದು ಲೋಟದಷ್ಟು ದ್ರವಕ್ಕೆ ಪಿಎಚ್ ಪಟ್ಟಿ ಅದ್ದಿದಾಗ 6.4 ತೋರಿಸಿತು. ಆರೋಗ್ಯವಂತ ರೂಮೆನ್‌ನ ಪಿಎಚ್ ಸಾಮಾನ್ಯವಾಗಿ 6ರಿಂದ 7ರ ನಡುವೆ ಇರುವುದರಿಂದ, ಆಕೆ ಇದನ್ನು ಸಾಮಾನ್ಯ ಅಜೀರ್ಣ ಎಂದು ಬರೆದುಕೊಳ್ಳಲು ಹೊರಟಳು. ಆದರೆ ಆ ದ್ರವ ನೊರೆನೊರೆಯಾಗಿ, ಎಳೆದರೆ ದಾರದಂತೆ ಅಂಟಾಗಿ ಬರುತ್ತಿತ್ತು. ಅದು ರೂಮೆನ್ ದ್ರವಕ್ಕಿಂತ ಹೆಚ್ಚಾಗಿ ಜೊಲ್ಲೇ ಆಗಿತ್ತು. ಹಸುವಿನ ಜೊಲ್ಲಿನ ಪಿಎಚ್ 8ಕ್ಕಿಂತ ಹೆಚ್ಚಿರುತ್ತದೆ. ನಳಿಕೆ ಬಾಯಿಯಿಂದ ಇಳಿಯುವಾಗ ಅದು ಸೇರಿಕೊಂಡರೆ ಹುಳಿಯಾದ ರೂಮೆನ್ ಕೂಡ ಸಹಜವಾಗಿದ್ದಂತೆ ತೋರುತ್ತದೆ. ಆ ದ್ರವವನ್ನು ಚೆಲ್ಲಿ, ನಳಿಕೆಯನ್ನು ಇನ್ನೂ ಒಳಕ್ಕೆ ಇಳಿಸಿ, ಎರಡನೆಯ ಸಲ ಬಂದದ್ದನ್ನು ನೋಡಿದೆವು. ಹಾಲು ಬೆರೆಸಿದ ಗಂಜಿಯ ಬಣ್ಣ, ಮೂಗಿಗೆ ರಾಚುವ ಹುಳಿ ವಾಸನೆ, ಪಟ್ಟಿಯಲ್ಲಿ 4.8.

ಈ ದೋಷ ಪತ್ತೆಯಲ್ಲಿ ಅತಿ ಹೆಚ್ಚು ಸಲ ಎಡವುವ ಜಾಗ ಇದೇ ಎಂದು ನನ್ನ ಅನುಭವ. ಲಕ್ಷಣಗಳು ಒಂದು ಮಾತು ಹೇಳುತ್ತಿದ್ದು ಪಟ್ಟಿ ಬೇರೆ ಮಾತು ಹೇಳಿದರೆ, ಮೊದಲು ಮಾದರಿಯನ್ನು ಅನುಮಾನಿಸಬೇಕು.

ಅದೇ ದ್ರವದ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ ಸೂಕ್ಷ್ಮದರ್ಶಕದ ಕಡಿಮೆ ಶಕ್ತಿಯಲ್ಲಿ ನೋಡಿದರೆ, ಆರೋಗ್ಯವಂತ ಹಸುವಿನಲ್ಲಿ ಸಂತೆಯ ಜನಜಂಗುಳಿಯಂತೆ ಪ್ರೋಟೊಜೋವಾಗಳು ಓಡಾಡುತ್ತಿರುತ್ತವೆ. ಒಂದು ಮಿಲಿಲೀಟರಿನಲ್ಲಿ ಲಕ್ಷದಿಂದ ಹತ್ತು ಲಕ್ಷದವರೆಗೆ ಇರುವ ಈ ಜೀವಿಗಳು ಆಮ್ಲತೆಗೆ ಬಹಳ ಬೇಗ ಸಾಯುತ್ತವೆ, ಅದರಲ್ಲೂ ದೊಡ್ಡವು ಮೊದಲು. ಇಲ್ಲಿ ಒಂದೂ ಚಲಿಸುತ್ತಿರಲಿಲ್ಲ. ಗಂಜಲದ ಪಿಎಚ್ 5.5 ಇತ್ತು; ಮೇವು ತಿನ್ನುವ ಹಸುವಿನ ಗಂಜಲ ಸಾಮಾನ್ಯವಾಗಿ ಕ್ಷಾರೀಯವಾಗಿ, 8ರ ಆಸುಪಾಸಿನಲ್ಲಿ ಇರಬೇಕು. ಅಂದರೆ ಆಮ್ಲ ರೂಮೆನ್‌ನಲ್ಲಿ ನಿಲ್ಲದೆ ರಕ್ತಕ್ಕೂ ತಲುಪಿತ್ತು.

ಇನ್ನೊಂದು ಸಾಧ್ಯತೆಯನ್ನು ತಳ್ಳಿಹಾಕಬೇಕಿತ್ತು. ಅಬೊಮೇಸಮ್‌ನ ಮುಂದೆ ದಾರಿ ಕಟ್ಟಿಕೊಂಡರೆ ಅದರ ಹೈಡ್ರೋಕ್ಲೋರಿಕ್ ಆಮ್ಲ ಹಿಂದಕ್ಕೆ ಉಕ್ಕಿ ರೂಮೆನ್ ಸೇರಬಹುದು. ಎರಡನ್ನೂ ಬೇರ್ಪಡಿಸುವುದು ಕ್ಲೋರೈಡ್: ರೂಮೆನ್ ದ್ರವದಲ್ಲಿ ಅದು ಲೀಟರಿಗೆ 30 ಮಿಲಿಮೋಲ್ ದಾಟಿದ್ದರೆ ಆಮ್ಲ ನಾಲ್ಕನೆಯ ಕೋಣೆಯಿಂದ ಬಂದದ್ದು ಎಂದು ಶಂಕಿಸಬೇಕು, ಏಕೆಂದರೆ ರೂಮೆನ್‌ನ ಗೋಡೆಗೆ ಆ ಆಮ್ಲವನ್ನು ಸ್ರವಿಸುವ ಗ್ರಂಥಿಯೇ ಇಲ್ಲ. ಹಳ್ಳಿಯ ಕೊಟ್ಟಿಗೆಯಲ್ಲಿ ಕ್ಲೋರೈಡ್ ಅಳೆಯಲು ಆಗುವುದಿಲ್ಲ. ಆದರೆ ಅನ್ನ ತಿಂದ ಚರಿತ್ರೆ, ಸಗಣಿ ನಿಲ್ಲದೆ ಹರಿಯುತ್ತಿದ್ದದ್ದು, ಸತ್ತ ಪ್ರೋಟೊಜೋವಾಗಳು ಮತ್ತು ಆಮ್ಲೀಯ ಗಂಜಲ ಸೇರಿ ಅನುಮಾನಕ್ಕೆ ಎಡೆ ಉಳಿಸಲಿಲ್ಲ. ಅಬೊಮೇಸಮ್‌ನ ಆಮ್ಲ ಅಲ್ಲಿಯೇ ಸಿಕ್ಕಿಕೊಂಡರೆ ರಕ್ತ ಕ್ಷಾರದ ಕಡೆಗೆ ವಾಲುತ್ತದೆ. ರೂಮೆನ್ ಹುಳಿಯಾದರೆ ಆಮ್ಲದ ಕಡೆಗೆ ವಾಲುತ್ತದೆ. ಪರೀಕ್ಷೆಯಲ್ಲಿ ಈ ಎರಡನ್ನು ಅದಲುಬದಲು ಮಾಡುವವರು ಅನೇಕರು.

ಹುದುಗುವಿಕೆ ಎಲ್ಲಿ ದಾರಿ ತಪ್ಪಿತು

ಸಹಜ ಸ್ಥಿತಿಯಲ್ಲಿ ರೂಮೆನ್‌ನ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಗಾಳಿಯಿಲ್ಲದೆ ಒಡೆದು ಮುಖ್ಯವಾಗಿ ಮೂರು ಬಾಷ್ಪಶೀಲ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ: ಅಸಿಟಿಕ್, ಪ್ರೊಪಿಯಾನಿಕ್ ಮತ್ತು ಬ್ಯುಟಿರಿಕ್. ಅಸಿಟಿಕ್ ದಾರಿಯಲ್ಲಿ ಹೈಡ್ರೋಜನ್ ಉಳಿಯುತ್ತದೆ. ಅದನ್ನು ಪ್ರೊಪಿಯಾನಿಕ್ ದಾರಿ ಸ್ವಲ್ಪ ಬಳಸಿಕೊಳ್ಳುತ್ತದೆ, ಹೆಚ್ಚಿನದನ್ನು ಮೀಥೇನ್ ಮಾಡುವ ಆರ್ಕಿಯಾಗಳು ತೆಗೆದುಹಾಕುತ್ತವೆ. ದಾರಿ ತಪ್ಪಿದಾಗ ಕೊನೆಯ ಸಾಲಿನ ಕ್ರಿಯೆ ಮೇಲುಗೈ ಪಡೆಯುತ್ತದೆ.

```
C6H12O6 + 2H2O -> 2CH3COOH + 2CO2 + 4H2
C6H12O6 + 2H2 -> 2CH3CH2COOH + 2H2O
CO2 + 4H2 -> CH4 + 2H2O
C6H12O6 -> 2CH3CH(OH)COOH
```

ಹುಲ್ಲು ಮುಖ್ಯ ಮೇವಾಗಿರುವಾಗ ಮೂರು ಆಮ್ಲಗಳ ಪ್ರಮಾಣ ಸುಮಾರು 65, 20, 10ರ ಆಸುಪಾಸಿನಲ್ಲಿರುತ್ತದೆ. ಕಾಳು ಹೆಚ್ಚಾದಂತೆ ಪ್ರೊಪಿಯಾನಿಕ್ ಏರಿ ಅಸಿಟಿಕ್‌ನ ಪಾಲು ಇಳಿಯುತ್ತದೆ. ಇಲ್ಲಿಯವರೆಗೆ ಇದು ಕಾಯಿಲೆಯಲ್ಲ, ಹೊಂದಾಣಿಕೆ. ಹಾಲಿನ ಕೊಬ್ಬಿಗೆ ಅಸಿಟಿಕ್ ಬೇಕಾದ್ದರಿಂದ, ಹಿಂಡಿ ಮತ್ತು ಕಾಳಿನ ಹಿಟ್ಟು ಹೆಚ್ಚಿಸಿ ಹುಲ್ಲು ಕಡಿಮೆ ಮಾಡಿದ ಕೆಲವು ದಿನಗಳಲ್ಲಿ ಡೇರಿಯ ಚೀಟಿಯಲ್ಲಿ ಫ್ಯಾಟ್ ಇಳಿಯುವುದನ್ನು ನಮ್ಮ ಕಡೆಯ ರೈತರೇ ಮೊದಲು ಗಮನಿಸುತ್ತಾರೆ. ಒಳಗೊಳಗೇ ಮುಂದುವರಿಯುವ ಸಣ್ಣ ಮಟ್ಟದ ಆಮ್ಲತೆಯ ಸೂಚನೆಗಳಲ್ಲಿ ಅದೂ ಒಂದು.

ಅನ್ನದ ಹೊರೆ ಬಿದ್ದಾಗ ಆಗುವುದು ಇದಕ್ಕಿಂತ ಬೇರೆ. ಮೊದಲ ಕೆಲವು ಗಂಟೆಗಳಲ್ಲಿ ಕೊಬ್ಬಿನಾಮ್ಲಗಳೇ ವೇಗವಾಗಿ ಹುಟ್ಟಿ ಪಿಎಚ್ ಇಳಿಯುತ್ತದೆ. 6ರ ಕೆಳಗೆ ಹೋದೊಡನೆ ಸೆಲ್ಯುಲೋಸ್ ಒಡೆಯುವ ಬ್ಯಾಕ್ಟೀರಿಯಾಗಳ ಕೆಲಸ ಕುಂಟುತ್ತದೆ. ಆಗ ಸ್ಟ್ರೆಪ್ಟೊಕಾಕಸ್ ಬೋವಿಸ್ ಎಂಬ ಬ್ಯಾಕ್ಟೀರಿಯಾ ಮೇಲೇಳುತ್ತದೆ. ಇದು ರೂಮೆನ್‌ನಲ್ಲಿ ಯಾವಾಗಲೂ ಇರುವಂಥದ್ದೇ. ಆದರೆ ಪಿಷ್ಟ ಹೇರಳವಾಗಿ ಸಿಕ್ಕಾಗ ಅರ್ಧ ಗಂಟೆಯೊಳಗೇ ದುಪ್ಪಟ್ಟಾಗಬಲ್ಲದು, ಪಿಎಚ್ ಇಳಿದಂತೆ ತನ್ನ ಉತ್ಪನ್ನವನ್ನು ಲ್ಯಾಕ್ಟಿಕ್ ಆಮ್ಲಕ್ಕೆ ಬದಲಿಸಿಕೊಳ್ಳುತ್ತದೆ. ಮಾಮೂಲಿ ದಿನಗಳಲ್ಲಿ ಹುಟ್ಟುವ ಸ್ವಲ್ಪ ಲ್ಯಾಕ್ಟಿಕ್ ಆಮ್ಲವನ್ನು ಮೆಗಾಸ್ಫೇರಾ, ಸೆಲಿನೊಮೊನಾಸ್‌ನಂತಹ ಬ್ಯಾಕ್ಟೀರಿಯಾಗಳು ತಿಂದು ಪ್ರೊಪಿಯಾನಿಕ್ ಮಾಡಿಬಿಡುತ್ತವೆ. ಪಿಎಚ್ 5ರ ಕಡೆಗೆ ಜಾರಿದಾಗ ಇವು ಸೋಲುತ್ತವೆ. ಇನ್ನೂ ಇಳಿದಾಗ ಸ್ಟ್ರೆಪ್ಟೊಕಾಕಸ್ ಕೂಡ ಹಿಂದೆ ಸರಿದು, ಆಮ್ಲವನ್ನು ತಾಳಬಲ್ಲ ಲ್ಯಾಕ್ಟೊಬ್ಯಾಸಿಲಸ್‌ಗಳು ಅದೇ ಆಮ್ಲವನ್ನು ಮಾಡುತ್ತಾ ಮುಂದುವರಿಯುತ್ತವೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ, ಏಕೆಂದರೆ ಪರೀಕ್ಷೆಯ ಒಳ್ಳೆಯ ಉತ್ತರ ಇದರಲ್ಲಿದೆ. ನಮ್ಮ ಹಸು ತಿಂದ ನಾಲ್ಕು ಕಿಲೋ ಪಿಷ್ಟದಲ್ಲಿ ಕಾಲುಭಾಗ ಮಾತ್ರ ಲ್ಯಾಕ್ಟಿಕ್ ಆಮ್ಲವಾಯಿತು ಎಂದುಕೊಂಡರೂ ಸುಮಾರು ಒಂದು ಕಿಲೋ ಆಯಿತು. ಅದರ ಅಣುತೂಕ 90 ಆದ್ದರಿಂದ ಇದು ಸುಮಾರು 11 ಮೋಲ್. 100 ಲೀಟರ್ ದ್ರವದಲ್ಲಿ ಹಂಚಿದರೆ ಲೀಟರಿಗೆ 110 ಮಿಲಿಮೋಲ್. ಪ್ರಮಾಣ ಒಂದು ಕಡೆಯಾದರೆ ಆಮ್ಲದ ಬಲ ಇನ್ನೊಂದು ಕಡೆ. ಕೊಬ್ಬಿನಾಮ್ಲಗಳ ಪಿಕೆಎ ಸುಮಾರು 4.8, ಲ್ಯಾಕ್ಟಿಕ್‌ನದು 3.9, ಅಂದರೆ ಲ್ಯಾಕ್ಟಿಕ್ ಹೆಚ್ಚುಕಡಿಮೆ ಎಂಟು ಹತ್ತು ಪಟ್ಟು ಪ್ರಬಲ. ಪಿಎಚ್ 5ರಲ್ಲಿ ಕೊಬ್ಬಿನಾಮ್ಲಗಳ ನೂರು ಅಣುಗಳಲ್ಲಿ ಸುಮಾರು 39 ಅವಿಭಜಿತವಾಗಿ, ಅಂದರೆ ತಮ್ಮ ಹೈಡ್ರೋಜನ್ ಅಯಾನನ್ನು ತಮ್ಮಲ್ಲೇ ಹಿಡಿದುಕೊಂಡು, ರೂಮೆನ್ ಗೋಡೆಯ ಮೂಲಕ ಸುಲಭವಾಗಿ ನುಸುಳಬಲ್ಲ ರೂಪದಲ್ಲಿ ಇರುತ್ತವೆ. ಲ್ಯಾಕ್ಟಿಕ್‌ನಲ್ಲಿ ಅಂತಹವು ಏಳರಷ್ಟೇ. ಆದ್ದರಿಂದ ಕೊಬ್ಬಿನಾಮ್ಲ ಹೆಚ್ಚಾದರೆ ಅದು ಬೇಗನೆ ರಕ್ತಕ್ಕೆ ಹೀರಲ್ಪಟ್ಟು ರೂಮೆನ್ ತನ್ನನ್ನು ತಾನೇ ಸ್ವಲ್ಪ ಸರಿಪಡಿಸಿಕೊಳ್ಳುತ್ತದೆ. ಲ್ಯಾಕ್ಟಿಕ್ ಹೆಚ್ಚಾದರೆ ಅದು ಅಯಾನುಗಳನ್ನು ಬಿಟ್ಟುಕೊಟ್ಟು ಅಲ್ಲೇ ಉಳಿಯುತ್ತದೆ. ಪಿಎಚ್ 6.8ರಿಂದ 4.8ಕ್ಕೆ ಇಳಿಯಿತು ಎಂದರೆ ಹೈಡ್ರೋಜನ್ ಅಯಾನುಗಳು ನೂರು ಪಟ್ಟಾದವು ಎಂದರ್ಥ.

ಇನ್ನು ಆ ನೀರಿನ ಪ್ರಶ್ನೆ. ರೂಮೆನ್ ದ್ರವದ ಅಭಿಸರಣ ಒತ್ತಡ ಸಾಮಾನ್ಯವಾಗಿ ರಕ್ತದ್ದಕ್ಕೆ ಹತ್ತಿರವಿರುತ್ತದೆ. ಹೀಗೆ ಹೊಸ ಅಣುಗಳು ಕೂಡಿಕೊಂಡಾಗ ರೂಮೆನ್‌ನ ಒತ್ತಡವೇ ರಕ್ತದ್ದಕ್ಕಿಂತ ಹೆಚ್ಚಾಗಿ, ನೀರು ಗೋಡೆಯ ಮೂಲಕ ರಕ್ತದಿಂದ ಒಳಕ್ಕೆ ಸೆಳೆಯಲ್ಪಡುತ್ತದೆ. ಹೊಟ್ಟೆಯಲ್ಲಿ ತುಳುಕುವ ನೀರು, ಗುಳಿ ಬಿದ್ದ ಕಣ್ಣು, ಏರಿದ ಹೃದಯ ಬಡಿತ, ಈ ಮೂರೂ ಒಂದೇ ಕಾರಣದ ಮೂರು ಮುಖಗಳು. ಜೊತೆಗೆ ಇನ್ನೊಂದು ವಿಷವರ್ತುಲವಿದೆ: ಆಮ್ಲದಿಂದ ರೂಮೆನ್‌ನ ಅಲೆಗಳು ನಿಲ್ಲುತ್ತವೆ, ಅಲೆ ನಿಂತರೆ ಮೆಲುಕು ನಿಲ್ಲುತ್ತದೆ, ಮೆಲುಕು ನಿಂತರೆ ದಿನಕ್ಕೆ 100 ಲೀಟರಿಗೂ ಹೆಚ್ಚು ಸುರಿಯಬೇಕಾದ ಜೊಲ್ಲು ಬಹಳಷ್ಟು ಕಡಿಮೆಯಾಗುತ್ತದೆ. ಆ ಜೊಲ್ಲಿನ ಬೈಕಾರ್ಬನೇಟ್ ಮತ್ತು ಫಾಸ್ಫೇಟ್‌ಗಳೇ ಆಮ್ಲವನ್ನು ತಟಸ್ಥಗೊಳಿಸಬೇಕಿದ್ದವು.

ಅದೇ ಆಮ್ಲ, ಬೇರೆ ಗೋಡೆ

ಈಗ ಮೊದಲ ಪ್ರಶ್ನೆಗೆ ಬರಬಹುದು. ರೂಮೆನ್, ರೆಟಿಕ್ಯುಲಮ್, ಒಮೇಸಮ್ ಈ ಮೂರರ ಒಳಮೈ ಗ್ರಂಥಿಗಳಿಲ್ಲದ, ಪದರಪದರವಾದ ಶಲ್ಕ ಅನುಲೇಪಕ ಅಂಗಾಂಶದ್ದು. ಅದು ಹೀರಿಕೊಳ್ಳುವುದಕ್ಕೆ ಇರುವುದು; ಲೋಳೆಯ ಹೊದಿಕೆ ಅದಕ್ಕಿಲ್ಲ. ಅಬೊಮೇಸಮ್ ಮಾತ್ರ ನಮ್ಮ ಜಠರದಂತೆ ಗ್ರಂಥಿಗಳಿಂದ ತುಂಬಿದ್ದು, ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಪೆಪ್ಸಿನೋಜನ್ ಜೊತೆಗೆ ತನ್ನನ್ನು ಕಾಯುವ ದಪ್ಪ ಲೋಳೆಯನ್ನೂ ಸ್ರವಿಸುತ್ತದೆ. ಆದ್ದರಿಂದ 2.5 ಅಲ್ಲಿ ಕೆಲಸದ ಪಿಎಚ್. ಮುಂದಿನ ಕೋಣೆಗಳಿಂದ ಹರಿದುಬರುವ ಬ್ಯಾಕ್ಟೀರಿಯಾಗಳನ್ನು ಕೊಂದು, ಅವುಗಳ ದೇಹದ ಪ್ರೋಟೀನನ್ನು ಒಡೆಯುವುದೇ ಆ ಕೋಣೆಯ ಉದ್ದೇಶ. ಅದರ ಸ್ರಾವದಲ್ಲಿ ಬ್ಯಾಕ್ಟೀರಿಯಾದ ಗೋಡೆಯನ್ನು ಕತ್ತರಿಸುವ ಲೈಸೊಜೈಮ್ ಹೇರಳವಾಗಿರುವುದೂ ಅದಕ್ಕಾಗಿಯೇ. ಮೊದಲ ಕೋಣೆಯಲ್ಲಿ ಸಾಕಬೇಕಾದವರನ್ನೇ ನಾಲ್ಕನೆಯದರಲ್ಲಿ ಅರಗಿಸಿಕೊಳ್ಳಬೇಕು. ರೂಮೆನ್‌ನಲ್ಲಿ ಅಷ್ಟು ಆಮ್ಲ ಸೇರಿದರೆ ಸಾಕಬೇಕಾದವರೇ ಸಾಯುತ್ತಾರೆ, ಕಾವಲಿಲ್ಲದ ಗೋಡೆಯೂ ಸುಡುತ್ತದೆ.

ಈ ಎರಡರ ನಡುವೆ ಒಮೇಸಮ್ ಏಕಿದೆ ಎಂಬುದು ಆಗ ಅರ್ಥವಾಗುತ್ತದೆ. ಪುಸ್ತಕದ ಹಾಳೆಗಳಂತೆ ಒತ್ತೊತ್ತಾಗಿರುವ ಅದರ ಮಡಿಕೆಗಳು ನೀರನ್ನೂ, ಉಳಿದ ಕೊಬ್ಬಿನಾಮ್ಲಗಳನ್ನೂ, ಜೊಲ್ಲಿನಿಂದ ಬಂದ ಬೈಕಾರ್ಬನೇಟನ್ನೂ ಹೀರಿಕೊಳ್ಳುತ್ತವೆ. ಆ ಬೈಕಾರ್ಬನೇಟ್ ಹಾಗೆಯೇ ಮುಂದೆ ಹೋದರೆ ಅಬೊಮೇಸಮ್ ಸ್ರವಿಸಿದ ಆಮ್ಲವನ್ನು ವ್ಯರ್ಥಗೊಳಿಸುತ್ತಿತ್ತು. ಒಮೇಸಮ್‌ಗೆ ಏನು ಹೋಗಬೇಕು ಎಂಬುದನ್ನು ಸೋಸುವುದು ರೆಟಿಕ್ಯುಲಮ್‌ನ ಕೆಲಸ: ಕೆಲವೇ ಮಿಲಿಮೀಟರಿಗಿಂತ ದೊಡ್ಡ ನಾರು ಸಾಮಾನ್ಯವಾಗಿ ಅಲ್ಲಿಂದ ಮುಂದೆ ದಾಟದೆ, ಮತ್ತೆ ಮೆಲುಕಿಗೆ ಬರುತ್ತದೆ.

ಎಳೆಗರುವಿನಲ್ಲಿ ಇದೇ ದೋಷ ಬೇರೆ ಬಾಗಿಲಿನಿಂದ ಬರಬಹುದು. ಹುಟ್ಟಿದಾಗ ಅಬೊಮೇಸಮ್ಮೇ ಅತಿ ದೊಡ್ಡ ಕೋಣೆ. ಕರು ಚೀಪಿದಾಗ ಅನ್ನನಾಳದ ಕೊನೆಯಿಂದ ಒಮೇಸಮ್‌ವರೆಗಿನ ತೋಡಿನ ಅಂಚುಗಳು ಸೇರಿ ಕೊಳವೆಯಾಗಿ, ಹಾಲು ರೂಮೆನ್ ಮುಟ್ಟದೆ ನೇರವಾಗಿ ಮುಂದೆ ಸಾಗುತ್ತದೆ. ನಳಿಕೆಯಿಂದ ಬಲವಂತವಾಗಿ ಕುಡಿಸಿದರೆ ಅಥವಾ ಕರು ನಿತ್ರಾಣವಾಗಿದ್ದರೆ ಆ ತೋಡು ಮುಚ್ಚದೆ ಹಾಲು ರೂಮೆನ್‌ಗೆ ಬೀಳುತ್ತದೆ, ಅಲ್ಲಿ ಲ್ಯಾಕ್ಟೋಸ್ ಹುದುಗಿ ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಸಗಣಿ ಜೇಡಿಮಣ್ಣಿನಂತಾಗುವುದು, ಕುಡಿದ ಮೇಲೆ ಎಡಪಕ್ಕೆಯಲ್ಲಿ ನೀರು ತುಳುಕುವುದು ಅದರ ಗುರುತು.

ಸರಿಪಡಿಸುವಾಗ ಶರೀರಕ್ರಿಯೆ

ಹಸು ಎದ್ದು ನಿಂತಿತ್ತು, ಹೃದಯ ಬಡಿತ ನೂರು ದಾಟಿರಲಿಲ್ಲ. ಆದ್ದರಿಂದ ರೂಮೆನ್ ತೆರೆಯುವ ಶಸ್ತ್ರಚಿಕಿತ್ಸೆಯ ಬದಲು ದಪ್ಪ ನಳಿಕೆಯಿಂದ ನೀರು ತುಂಬಿಸಿ ಹೊರತೆಗೆಯುವುದನ್ನು ಆರಿಸಿಕೊಂಡೆ. ಅದು ಮಲಗಿಬಿಟ್ಟಿದ್ದು, ಬಡಿತ 120 ದಾಟಿದ್ದರೆ ನನ್ನ ತೀರ್ಮಾನ ಬೇರೆಯಾಗುತ್ತಿತ್ತು. ರಕ್ತದ ಆಮ್ಲತೆಗಾಗಿ ಸೋಡಿಯಂ ಬೈಕಾರ್ಬನೇಟನ್ನು ರಕ್ತನಾಳಕ್ಕೆ ಕೊಟ್ಟು, ನಂತರ ಸಮತೋಲ ಲವಣ ದ್ರವ ಹರಿಸಿದೆವು. ಬಾಯಿಯಿಂದ ಮಾತ್ರ ಬೈಕಾರ್ಬನೇಟ್ ಬದಲು ಮೆಗ್ನೀಸಿಯಂ ಹೈಡ್ರಾಕ್ಸೈಡ್ ಕೊಟ್ಟದ್ದಕ್ಕೆ ಕಾರಣವಿದೆ: ಇಷ್ಟು ಆಮ್ಲವಿರುವ ರೂಮೆನ್‌ಗೆ ಅಡುಗೆ ಸೋಡಾ ಸುರಿದರೆ ಇಂಗಾಲದ ಡೈಆಕ್ಸೈಡ್ ಭರ್ರನೆ ಏಳುತ್ತದೆ, ಅಲೆಗಳು ನಿಂತಿರುವ ಹಸು ಅದನ್ನು ತೇಗಿ ಹೊರಹಾಕಲಾರದೆ ಉಬ್ಬರಿಸುತ್ತದೆ. ಮೊದಲ ದಿನ ಬಾನಿಯ ನೀರನ್ನು ಮನಬಂದಂತೆ ಕುಡಿಯಲು ಬಿಡಬೇಡಿ, ಒಣ ಹುಲ್ಲು ಮಾತ್ರ ಮುಂದಿಡಿ ಎಂದು ಹೇಳಿದೆ.

ಮರುದಿನ ಪಿಎಚ್ 5.9ಕ್ಕೆ ಏರಿತ್ತು, ಆದರೆ ಸೂಕ್ಷ್ಮದರ್ಶಕದಲ್ಲಿ ಇನ್ನೂ ಏನೂ ಚಲಿಸುತ್ತಿರಲಿಲ್ಲ. ತೊಟ್ಟಿ ತೊಳೆದಾಗಿತ್ತು, ಒಳಗೆ ವಾಸಿಗಳಿರಲಿಲ್ಲ. ಪಕ್ಕದ ಮನೆಯ, ಹುಲ್ಲನ್ನೇ ಹೆಚ್ಚಾಗಿ ತಿನ್ನುವ ಆರೋಗ್ಯವಂತ ಹಳ್ಳಿಕಾರ್ ಹಸುವಿನಿಂದ ನಳಿಕೆಯ ಮೂಲಕ ಕೆಲವು ಲೀಟರ್ ರೂಮೆನ್ ದ್ರವ ತೆಗೆದು, ತಣ್ಣಗಾಗುವ ಮುನ್ನವೇ ಈ ಹಸುವಿಗೆ ಇಳಿಸಿದೆವು. ಎರಡು ದಿನ ಇದನ್ನು ಮಾಡಿದ ಮೇಲೆ, ನಾಲ್ಕನೆಯ ದಿನ ಬೆಳಿಗ್ಗೆ ಪಿಎಚ್ 6.5, ಪಕ್ಕೆಗುಳಿಯಲ್ಲಿ ಎರಡು ನಿಮಿಷಕ್ಕೊಂದು ಅಲೆ, ಗಾಜಿನ ಪಟ್ಟಿಯ ಮೇಲೆ ಸಣ್ಣ ಪ್ರೋಟೊಜೋವಾಗಳು ಕಂಡವು. ದೊಡ್ಡವು ಕಾಣಿಸಿಕೊಂಡದ್ದು ಇನ್ನೊಂದು ವಾರದ ನಂತರ. ಆ ನಾಲ್ಕನೆಯ ದಿನದ ಮಧ್ಯಾಹ್ನವೇ ಹಸು ರಾಗಿ ಹುಲ್ಲಿನ ಮುಂದೆ ಮಲಗಿ ಮೆಲುಕು ಹಾಕಿತು.

ಆದರೂ ಮೂರು ವಾರ ಬಿಟ್ಟು ಮತ್ತೆ ಹೋಗಿ ಗೊರಸುಗಳನ್ನು ಮುಟ್ಟಿ ನೋಡಿದೆ, ಏಕೆಂದರೆ ಈ ಕಾಯಿಲೆಯ ನಂತರ ಗೊರಸಿನ ಒಳಪದರ ಊದಿಕೊಳ್ಳುವುದುಂಟು. ಸುಟ್ಟ ರೂಮೆನ್ ಗೋಡೆಯಿಂದ ಬ್ಯಾಕ್ಟೀರಿಯಾಗಳು ರಕ್ತದೊಡನೆ ಯಕೃತ್ತಿಗೆ ಸೇರಿ ಅಲ್ಲಿ ಕೀವುಗಟ್ಟುವುದೂ ಉಂಟು. ಅದು ಹೊರಗೆ ಕಾಣುವುದು ತಿಂಗಳುಗಳ ನಂತರ, ಹಸು ಕಾರಣ ತಿಳಿಯದಂತೆ ಸೊರಗತೊಡಗಿದಾಗ. ಗೊರಸುಗಳು ಬಿಸಿಯಾಗಿರಲಿಲ್ಲ, ನಡಿಗೆ ಸರಿಯಿತ್ತು, ಹಾಲು 11 ಲೀಟರಿಗೆ ಮರಳಿತ್ತು.